ಎದುರು ಮನೆಗೊಂದು ಕಾಗದ

ಮಾಟುಂಗಾದ ಹಳೆಯ ನಾಲ್ಕು ಮಾಳಿಗೆಯ ಕಟ್ಟಡವೊಂದರಲ್ಲಿ ಬಹುಕಾಲ ವಾಸವಾಗಿದ್ದು, ಮಹಾನಗರಪಾಲಿಕೆಯ ಕನ್ನಡ ಶಾಲೆಯಿಂದ ನಿವೃತ್ತರಾದ ಮೇಲೆ ಡೊಂಬಿವಲಿಗೆ ಮನೆ ಬದಲಿಸಿದ ಉಪಾಧ್ಯಾಯಿನಿಯೊಬ್ಬರಲ್ಲಿಗೆ, ಅದೇ ಕಟ್ಟಡದ ಎರಡನೆಯ ಮಾಳಿಗೆಯಲ್ಲಿ ಇಂದಿಗೂ ಒಬ್ಬರೇ ವಾಸಿಸುತ್ತಿರುವ, ನಲವತ್ತೈದನ್ನು ದಾಟಿದ ಅವಿವಾಹಿತರೊಬ್ಬರು ಒಂದು ಭಾನುವಾರ ಬಂದು, ತಾವು ಬರೆದ ಮೂರು ಹಾಳೆಯ ಕಾಗದವನ್ನು ಮುಂದಿಟ್ಟರು. ಕಾಗದ ಎದುರು ಮನೆಯಲ್ಲಿ ತಂದೆಯೊಡನೆ ಇರುವ, ಇವರಂತೆಯೇ ಅವಿವಾಹಿತೆಯಾಗಿ ಉಳಿದ ಮಹಿಳೆಗೆ ಬರೆದದ್ದು. ಆ ಮಧ್ಯಾಹ್ನ ಇಬ್ಬರ ನಡುವೆ ನಡೆದ ಮಾತು ಹೀಗಿದೆ.

ಅಕ್ಕ: ಎರಡು ಸಲ ಓದಿದೆನಪ್ಪಾ. ಅಕ್ಷರ ದುಂಡಾಗಿದೆ, ಭಾಷೆ ಶುದ್ಧವಾಗಿದೆ, ಬರೆದವನ ಮನಸ್ಸು ನಿರ್ಮಲವೆಂಬುದರಲ್ಲಿಯೂ ನನಗೆ ಸಂದೇಹವಿಲ್ಲ. ಆದರೂ ಈ ಮೂರು ಹಾಳೆಗಳನ್ನು ನೀನು ಆಕೆಗೆ ಕೊಡಬಾರದೆಂದೇ ನನ್ನ ಅಭಿಪ್ರಾಯ.

ತಮ್ಮ: ಕೊಡಲೇಬಾರದೆ ಅಕ್ಕ, ಇಲ್ಲವೆ ಈ ರೂಪದಲ್ಲಿ ಕೊಡಬಾರದೆ?

ಅಕ್ಕ: ಈ ರೂಪದಲ್ಲಿ. ಕಾಗದ ಬರೆಯುವುದರಲ್ಲಿ ದೋಷವಿಲ್ಲ. ಇಷ್ಟು ವರುಷ ಬಾಯಿ ತೆರೆಯದೆ ಇದ್ದವನು ಕಡೆಗೊಮ್ಮೆ ಹೇಳಬೇಕೆಂದು ನಿಶ್ಚಯಿಸಿದ್ದೂ ನನಗೆ ಸಂತೋಷವೇ. ಆದರೆ ಮೊದಲು ಒಂದು ಮಾತು ತಿಳಿಯಬೇಕು. ಬೆರಳ ತುದಿಯಿಂದ ನಾಲ್ಕು ಸಾಲು ಒತ್ತಿ ಕಳುಹಿಸುವ ಈ ಕಾಲದಲ್ಲಿ ನೀನು ಕೈಬರಹದ ಕಾಗದವನ್ನೇ ಆರಿಸಿದ್ದೇಕೆ?

ತಮ್ಮ: ಅದಕ್ಕೆ ಎರಡು ಕಾರಣಗಳುಂಟು. ಆಕೆಯ ಫೋನ್ ನಂಬರು ನನ್ನಲ್ಲಿ ಇರುವುದು ನಾನು ನಮ್ಮ ಸೊಸೈಟಿಯ ಖಜಾಂಚಿಯೆಂಬ ಕಾರಣದಿಂದ. ಮೇಂಟೆನೆನ್ಸ್ ಬಾಕಿಯ ವಿಷಯ ತಿಳಿಸಲೆಂದು ಅವರು ಕೊಟ್ಟ ನಂಬರನ್ನು ನನ್ನ ಹೃದಯದ ವಿಷಯಕ್ಕೆ ಉಪಯೋಗಿಸುವುದು ವಿಶ್ವಾಸದ್ರೋಹವೆನಿಸಿತು. ಮತ್ತೊಂದು, ವಾಟ್ಸಾಪಿನಲ್ಲಿ ಕಳುಹಿಸಿದರೆ ಆಕೆ ಓದಿದ ಕ್ಷಣದಲ್ಲಿಯೇ ನೀಲಿ ಗೆರೆಗಳು ಮೂಡಿ ನನಗೆ ತಿಳಿದುಬಿಡುತ್ತದೆ. ನನಗೆ ತಿಳಿಯಿತೆಂಬುದು ಆಕೆಗೂ ತಿಳಿಯುತ್ತದೆ. ಆ ಗಳಿಗೆಯಿಂದ ಉತ್ತರವಿಲ್ಲದ ಒಂದೊಂದು ಗಂಟೆಯೂ ಇಬ್ಬರಿಗೂ ಲೆಕ್ಕದಲ್ಲಿರುತ್ತದೆ. ಕಾಗದವನ್ನು ಆಕೆ ಯಾವಾಗ ಒಡೆದರು, ಎಷ್ಟು ಸಲ ಓದಿದರು, ಓದದೆ ಹರಿದರೋ ಎಂಬುದು ಬರೆದವನಿಗೆ ಗೊತ್ತಾಗುವ ಮಾರ್ಗವೇ ಇಲ್ಲ.

ಅಕ್ಕ: ಈ ಎರಡನೆಯ ಕಾರಣವನ್ನು ನೀನು ಕಂಡುಕೊಂಡೆಯಲ್ಲ, ನಾನು ಹೇಳಬೇಕೆಂದಿರುವುದರ ಅರ್ಧಭಾಗ ಅದರಲ್ಲಿಯೇ ಅಡಗಿದೆ. ಉತ್ತರ ಕೊಡದೆ ಇರುವ ಸ್ವಾತಂತ್ರ್ಯವನ್ನು ಕಾಗದ ಓದುವವರಿಗೆ ತಾನಾಗಿಯೇ ಒದಗಿಸುತ್ತದೆ. ಆದರೆ ನಿನ್ನ ಮೂರು ಹಾಳೆಗಳು ಆ ಸ್ವಾತಂತ್ರ್ಯವನ್ನು ಒಂದೊಂದು ಸಾಲಿನಲ್ಲಿಯೂ ಹಿಂದಕ್ಕೆ ಕಸಿದುಕೊಳ್ಳುತ್ತವೆ.

ತಮ್ಮ: ಒತ್ತಾಯದ ಒಂದು ಶಬ್ದವನ್ನೂ ನಾನು ಬರೆದಿಲ್ಲವಲ್ಲ!

ಅಕ್ಕ: ಒತ್ತಾಯವು ಶಬ್ದದಲ್ಲಿಯೇ ಇರಬೇಕೆಂದಿಲ್ಲ. ಆಕೆಯ ಸ್ಥಾನದಲ್ಲಿ ನಿಂತು ಯೋಚಿಸು. ಕಚೇರಿಯಲ್ಲಿ ಪರಿಚಯವಾದವನು ಇಂಥ ಕಾಗದ ಕೊಟ್ಟು, ಅದು ಹಿಡಿಸದಿದ್ದರೆ, ಹೆಂಗಸು ಇನ್ನೊಂದು ವಿಭಾಗಕ್ಕೆ ವರ್ಗ ಕೇಳಬಹುದು. ದೇವಸ್ಥಾನದಲ್ಲಿ ಕಂಡವನಾದರೆ ಬೇರೆ ಹೊತ್ತಿನಲ್ಲಿ ಹೋಗಬಹುದು. ಎದುರು ಮನೆಯವನನ್ನು ಬಿಟ್ಟು ಆಕೆ ಹೋಗುವುದೆಲ್ಲಿಗೆ? ಲಿಫ್ಟೂ ಇಲ್ಲದ ಆ ಕಟ್ಟಡದಲ್ಲಿ ಇರುವುದು ಒಂದೇ ಮೆಟ್ಟಿಲ ಸಾಲು. ನೀರು ಬರುವ ಹೊತ್ತು ಇಬ್ಬರಿಗೂ ಒಂದೇ. ಗಣೇಶೋತ್ಸವದ ಆರತಿಗೆ ನಿಲ್ಲುವ ಅಂಗಳ ಒಂದೇ. ವಾರ್ಷಿಕ ಸಭೆಯ ಪ್ಲಾಸ್ಟಿಕ್ ಕುರ್ಚಿಗಳ ಸಾಲೂ ಒಂದೇ. ಈ ನಗರದಲ್ಲಿ ಮನೆಯನ್ನು ಬದಲಿಸುವುದು ಎಷ್ಟು ದುಸ್ಸಾಧ್ಯವೆಂಬುದು ನಿನಗೇ ಗೊತ್ತು. ಆದುದರಿಂದ ನೆರೆಮನೆಯವಳಿಗೆ ಬರೆಯುವವನ ಹೊಣೆ ಬೇರೆಲ್ಲರ ಹೊಣೆಗಿಂತ ಹೆಚ್ಚಿನದು: ಆಕೆ ಬೇಡವೆಂದರೆ ಆಕೆಯ ದಿನಚರಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಬಾರದು. ಈ ಒಂದು ನಿಯಮದಿಂದ ನಿನ್ನ ಕಾಗದವನ್ನು ಪರೀಕ್ಷಿಸುತ್ತ ಹೋಗೋಣ.

ತಮ್ಮ: ಆಗಲಿ. ಎಲ್ಲಿಂದ ಆರಂಭಿಸುತ್ತೀರಿ?

ಅಕ್ಕ: ಮೊದಲನೆಯ ಹಾಳೆಯಿಂದಲೇ. ಆಕೆ ಮುಂಜಾನೆ ಎಷ್ಟು ಗಂಟೆಯ ಲೋಕಲ್ ಹಿಡಿಯುತ್ತಾಳೆ, ಗ್ಯಾಲರಿಯ ದಾಸವಾಳದ ಕುಂಡಗಳಿಗೆ ಯಾವ ವಾರ ನೀರೆರೆಯಲು ಮರೆತಳು, ಆಕೆಯ ಕೋಣೆಯ ದೀಪ ರಾತ್ರಿ ಯಾವಾಗ ಆರುತ್ತದೆ, ಶುಕ್ರವಾರ ಮಾರುಕಟ್ಟೆಯಿಂದ ಯಾವ ಹೂವು ತರುತ್ತಾಳೆ, ಇಷ್ಟನ್ನೂ ಭಕ್ತಿಯಿಂದ ಪಟ್ಟಿಮಾಡಿರುವೆ.

ತಮ್ಮ: ನನ್ನ ಮೆಚ್ಚುಗೆ ಕೇವಲ ರೂಪವನ್ನು ಕಂಡು ಹುಟ್ಟಿದ್ದಲ್ಲ, ಆಕೆಯ ಬದುಕಿನ ಸೂಕ್ಷ್ಮಗಳನ್ನು ಗೌರವದಿಂದ ಗಮನಿಸಿದ್ದೇನೆಂದು ತೋರಿಸಬೇಕೆಂಬುದೇ ಉದ್ದೇಶವಾಗಿತ್ತು.

ಅಕ್ಕ: ಉದ್ದೇಶ ನಿನಗೆ ಗೊತ್ತು, ಓದುವವಳಿಗೆ ಗೊತ್ತಾಗುವುದು ಬೇರೊಂದು. ಒಬ್ಬ ಗಂಡಸು, ಅದೂ ಬಾಗಿಲಿಗೆ ಬಾಗಿಲು ಎದುರಾಗಿರುವವನು, ತನ್ನ ಕೋಣೆಯ ದೀಪ ಆರುವ ವೇಳೆಯನ್ನು ವರುಷಗಟ್ಟಲೆ ಲಕ್ಷಿಸಿದ್ದಾನೆಂದು ಓದಿದ ಹೆಂಗಸು ಆ ರಾತ್ರಿ ಮೊದಲು ಮಾಡುವ ಕೆಲಸ ಕಿಟಕಿಯ ಪರದೆಯನ್ನು ಎಳೆಯುವುದು. ಮಾರನೆಯ ದಿನದಿಂದ ಬೇರೆ ಗಾಡಿ ಹಿಡಿಯುತ್ತಾಳೆ, ಇಲ್ಲವೆ ಹಿಡಿಯಬೇಕೆ ಬೇಡವೆ ಎಂದು ಆಲೋಚಿಸುತ್ತಾಳೆ. ಆಕೆಯ ದಿನಚರಿ ಕೆಟ್ಟಿತಲ್ಲ! ನೀನು ಕಂಡದ್ದನ್ನೆಲ್ಲ ಬರೆಯುವ ಅಧಿಕಾರ ನಿನಗಿಲ್ಲ. ನೀನು ಕಂಡೆಯೆಂಬುದು ಆಕೆಗೆ ಈಗಾಗಲೇ ಗೊತ್ತಿರುವಂಥದು, ನಾಲ್ಕು ಜನರ ಎದುರಿಗೆ ನಡೆದಂಥದು ಏನಾದರೂ ಇದ್ದರೆ ಅದನ್ನು ಮಾತ್ರ ಬರೆಯಬಹುದು. ಅಂಥದೊಂದು ನೆನಪಿದೆಯೆ?

ತಮ್ಮ: ಇದೆ. 2005ರ ಜುಲೈ 26ರ ಮಳೆ. ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಬಿದ್ದ ಆ ದಿನ ಗಾಡಿಗಳೆಲ್ಲ ನಿಂತು, ಕಿಂಗ್ಸ್ ಸರ್ಕಲ್ಲಿನ ನೀರಿನಲ್ಲಿ ಸೊಂಟದವರೆಗೆ ತೊಯ್ದು ನಡೆದುಬಂದವರು ನಮ್ಮ ಮೆಟ್ಟಿಲುಗಳ ಮೇಲೆ ಆಶ್ರಯ ಪಡೆದಿದ್ದರು. ಯಾರು, ಯಾವ ಊರಿನವರು ಎಂದು ಕೇಳದೆ ಆಕೆ ತಮ್ಮ ಮನೆಯ ಬಾಗಿಲು ತೆರೆದು, ಇದ್ದ ಅಕ್ಕಿಯನ್ನೆಲ್ಲ ಗಂಜಿ ಮಾಡಿ, ಹೆಂಗಸರನ್ನು ಒಳಗೆ ಮಲಗಿಸಿ, ತಾವು ಬೆಳಗಿನವರೆಗೆ ಮೆಟ್ಟಿಲ ಮೇಲೆ ಕುಳಿತಿದ್ದರು. ಗಂಜಿಯ ಪಾತ್ರೆಯನ್ನು ಮೇಲಿನ ಮಾಳಿಗೆಗೆ ಹೊತ್ತುಕೊಂಡು ಹೋದವನು ನಾನು. ಆ ರಾತ್ರಿ ಆಕೆಯ ವಿಷಯದಲ್ಲಿ ಹುಟ್ಟಿದ ಗೌರವ ಇಂದಿಗೂ ಕಡಮೆಯಾಗಿಲ್ಲ.

ಅಕ್ಕ: ಅದು ಮೂರನೆಯ ಹಾಳೆಯ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬಂದಿದೆ, ದೀಪ ಆರುವ ವಿಷಯಕ್ಕೆ ಅರ್ಧ ಪುಟ! ಗಂಜಿಯ ರಾತ್ರಿಯೊಂದೇ ಸಾಕು. ಅದು ಆಕೆ ತಾನಾಗಿ ಮಾಡಿದ ಕಾರ್ಯ, ಎಲ್ಲರೂ ಕಂಡದ್ದು, ಆಕೆಗೂ ಸಂತೋಷ ತರುವ ನೆನಪು. ಆದರೆ ಅಲ್ಲಿಂದ ಇಲ್ಲಿಯವರೆಗೆ ಎಷ್ಟು ವರುಷವಾಯಿತೆಂದು ಎಣಿಸಿ ಬರೆಯಬೇಡ.

ತಮ್ಮ: ಅದು ಸತ್ಯವಲ್ಲವೆ ಅಕ್ಕ? ಇಷ್ಟು ಕಾಲ ಕಾದವನೆಂಬುದು ನನ್ನ ಮನಸ್ಸಿನ ಸ್ಥಿರತೆಗೆ ಸಾಕ್ಷಿಯಲ್ಲವೆ?

ಅಕ್ಕ: ಕಾದದ್ದು ನೀನು, ಕಾಯೆಂದು ಆಕೆ ಹೇಳಿರಲಿಲ್ಲ. ಇಪ್ಪತ್ತು ವರುಷಗಳ ಲೆಕ್ಕವನ್ನು ಮುಂದಿಟ್ಟರೆ ಅದು ಆಕೆ ಎಂದೂ ಮಾಡದ ಸಾಲದ ಚೀಟಿಯಾಗುತ್ತದೆ. ಬೇಡವೆನ್ನುವಾಗ ಒಬ್ಬ ಮನುಷ್ಯನ ಯೌವನವನ್ನೆಲ್ಲ ನಿರಾಕರಿಸುತ್ತಿದ್ದೇನೆಂಬ ಪಾಪಪ್ರಜ್ಞೆಯನ್ನು ಹೊರಬೇಕಾಗುತ್ತದೆ. 'ಬಹುಕಾಲದಿಂದ' ಎಂಬ ಒಂದು ಮಾತು ಸಾಕು. ಅದೇ ರೀತಿ ನೀನು ತಮ್ಮಂದಿರನ್ನು ಓದಿಸುವುದಕ್ಕಾಗಿ ಮದುವೆಯಾಗದೆ ಉಳಿದೆಯೆಂಬ ಪ್ರಕರಣವನ್ನೂ, ಈಗ ಮನೆಯಲ್ಲಿ ಒಬ್ಬನೇ ಉಣ್ಣುವ ದುಃಖವನ್ನೂ ತೆಗೆದುಬಿಡು. ಅನುಕಂಪದಿಂದ ಬಂದ ಒಪ್ಪಿಗೆ ನಿನಗೇ ಬೇಕಾಗಿಲ್ಲ.

ತಮ್ಮ: ಎರಡನೆಯ ಹಾಳೆಯ ಕೊನೆಯ ವಾಕ್ಯವೂ ನಿಮಗೆ ಹಿಡಿಸಿರಲಾರದು ಹಾಗಾದರೆ.

ಅಕ್ಕ: ಆಕೆಯಿಲ್ಲದೆ ಉಳಿದ ಬಾಳು ಬಾಳೇ ಅಲ್ಲವೆಂದು ಬರೆದಿರುವೆಯಲ್ಲ, ಅದೇ ತಾನೆ? ರುಕ್ಮಿಣಿ ಕೃಷ್ಣನಿಗೆ ಬರೆದ ಓಲೆಯನ್ನು ನೀನು ಯಕ್ಷಗಾನದಲ್ಲಿ ಕಂಡಿರುವೆ, ಭಾಗವತದ ದಶಮಸ್ಕಂಧದಲ್ಲಿಯೂ ಓದಿರಬೇಕು. ಆ ಓಲೆಯಲ್ಲಿ ದಿನ ಗೊತ್ತುಮಾಡಿದೆ, ಸ್ಥಳ ಗೊತ್ತುಮಾಡಿದೆ, ಮದುವೆಯ ಹಿಂದಿನ ದಿನ ಊರ ಹೊರಗಿನ ದೇವಿಯ ಗುಡಿಗೆ ಬರುವಾಗ ಬಂದು ಕರೆದೊಯ್ಯಬೇಕೆಂಬ ಉಪಾಯವೂ ಇದೆ. ನೀನು ಬಾರದಿದ್ದರೆ ಪ್ರಾಣವನ್ನೇ ಬಿಡುತ್ತೇನೆಂಬ ಮಾತೂ ಇದೆ. ಅಣ್ಣನಾದ ರುಕ್ಮಿ ಬಲಾತ್ಕಾರದಿಂದ ಶಿಶುಪಾಲನಿಗೆ ಕೊಡಲು ಹೊರಟಿರುವಾಗ, ಕೈಯಲ್ಲಿ ಬೇರೆ ಉಪಾಯವಿಲ್ಲದ ಆ ಕನ್ಯೆ ಹಾಗೆ ಬರೆದದ್ದು ಯುಕ್ತವೇ ಆಗಿತ್ತು. ನಿನ್ನನ್ನು ಯಾರೂ ಎಲ್ಲಿಗೂ ಎಳೆದೊಯ್ಯುತ್ತಿಲ್ಲ. ಪ್ರಾಣವನ್ನು ಪಣಕ್ಕಿಟ್ಟ ಕಾಗದಕ್ಕೆ ಬೇಡವೆಂಬ ಉತ್ತರ ಬರೆಯುವುದು ಯಾರಿಂದಲೂ ಸಾಧ್ಯವಿಲ್ಲ. ನಿನ್ನದು ಬೇಡವೆನ್ನಲು ಸುಲಭವಾದ ಕಾಗದವಾಗಿರತಕ್ಕದ್ದು.

ತಮ್ಮ: ಒಪ್ಪಿದೆ. ಆದರೆ ಇಷ್ಟೆಲ್ಲ ತೆಗೆದ ಮೇಲೆ ಕಾಗದ ಒಣಗಿದಂತೆ ಕಾಣುವುದಿಲ್ಲವೆ? ಅದಕ್ಕಿಂತ ನೀವೇ ಒಂದು ಮಾತು ಆಡಿದರೆ ಹೇಗೆ? ಆಕೆ ನಿಮ್ಮ ಶಾಲೆಯಲ್ಲಿ ಕಲಿತವರು, ನಿಮ್ಮ ಮೇಲೆ ಬಹಳ ಗೌರವ ಇಟ್ಟುಕೊಂಡವರು.

ಅಕ್ಕ: ಆ ಗೌರವವೇ ಅಡ್ಡಿ. ನಾನು ಬಾಯಿ ತೆರೆದರೆ ಆಕೆ ನಿನ್ನೊಬ್ಬನಿಗಲ್ಲ, ನನಗೂ ಬೇಡವೆನ್ನಬೇಕಾಗುತ್ತದೆ. ಹಿರಿಯರ ಮೂಲಕ ಸಂಬಂಧ ಕೇಳಿಸುವ ನಮ್ಮ ಪದ್ಧತಿಯಲ್ಲಿ ಮನೆತನಗಳ ಮಾನ ಬೆರೆಯುತ್ತದೆ. ನಾನು ಹೋದರೆ ವಿಷಯ ಆಕೆಯ ತಂದೆಯ ಕಿವಿಗೆ ಬೀಳದೆ ಇರುವುದಿಲ್ಲ. ಆಮೇಲೆ ಆಕೆಯ ಮನಸ್ಸೇನೆಂದು ಯಾರೂ ಕೇಳುವುದಿಲ್ಲ, ವಯಸ್ಸಾಯಿತು, ಒಳ್ಳೆಯವನು, ಒಪ್ಪಿಕೋ ಎನ್ನುತ್ತಾರೆ. ಒಣಗಿದ ಕಾಗದವೇ ಇರಲಿ, ಅದು ಆಕೆಯೊಬ್ಬಳಿಗೇ ಸೇರಿದ್ದಾಗಿರಲಿ. ನಮ್ಮ ಶಾಲೆಯಲ್ಲಿ ಕಲಿತವಳೆಂದೆಯಲ್ಲ, ಅದರಿಂದ ಒಂದು ಉಪಯೋಗವುಂಟು: ಕನ್ನಡ ಅಕ್ಷರವನ್ನು ಆಕೆ ನಿರಾತಂಕವಾಗಿ ಓದಬಲ್ಲಳು. ಈ ಊರಿನಲ್ಲಿ ಮನೆಯಲ್ಲಿ ಸೊಗಸಾಗಿ ಕನ್ನಡ ಆಡಿಯೂ, ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತದ್ದರಿಂದ ಲಿಪಿ ತಿಳಿಯದ ನಮ್ಮವರು ಎಷ್ಟೋ ಮಂದಿ ಇದ್ದಾರೆ. ಅಂಥವರಿಗೆ ಕನ್ನಡದಲ್ಲಿ ಬರೆದರೆ ಕಾಗದವನ್ನು ಮತ್ತೊಬ್ಬರಿಂದ ಓದಿಸಬೇಕಾಗಿ ಬಂದು ಗುಟ್ಟೇ ಹೋಗುತ್ತದೆ.

ತಮ್ಮ: ಅಷ್ಟು ದೂರ ನಾನು ಯೋಚಿಸಿರಲಿಲ್ಲ.

ಅಕ್ಕ: ಅದಕ್ಕಿಂತ ಮುಖ್ಯವಾದ, ಕಾಗದದಲ್ಲಿ ಎಲ್ಲಿಯೂ ಬಾರದ ಸಂಗತಿಯೊಂದಿದೆ. ಖಜಾಂಚಿಯೆಂದೆ. ಈಗ ಆಕೆಯ ಮನೆಯ ಯಾವುದಾದರೂ ಅರ್ಜಿ ನಿಮ್ಮ ಕಮಿಟಿಯ ಮುಂದಿದೆಯೆ?

ತಮ್ಮ: ಇದೆ. ಅವರ ಬಚ್ಚಲುಮನೆಯ ಮಾಡಿನಲ್ಲಿ ಮೇಲಿನ ಮಾಳಿಗೆಯಿಂದ ನೀರು ಸೋರುತ್ತಿದೆ. ರಿಪೇರಿಯ ಖರ್ಚು ಯಾರದೆಂಬ ತಕರಾರು ಎರಡು ಸಭೆಗಳಿಂದ ಹಾಗೆಯೇ ಉಳಿದಿದೆ. ಪ್ಲಂಬರನ ಬಿಲ್ಲಿಗೆ ಸಹಿ ಮಾಡಬೇಕಾದವನು ನಾನೇ.

ಅಕ್ಕ: ಹಾಗಿದ್ದರೆ ಆ ಕೆಲಸ ಮುಗಿದು, ಬಿಲ್ಲು ಸಂದಾಯವಾಗುವವರೆಗೆ ನಿನ್ನ ಕಾಗದ ಪೆಟ್ಟಿಗೆಯಿಂದ ಹೊರಬರಕೂಡದು. ನಿನ್ನ ಮನಸ್ಸಿನಲ್ಲಿ ಆ ಎರಡಕ್ಕೂ ಸಂಬಂಧವಿಲ್ಲದಿರಬಹುದು. ತಲೆಯ ಮೇಲೆ ನೀರು ತೊಟ್ಟಿಕ್ಕುತ್ತಿರುವ ಹೆಂಗಸಿಗೆ, ಬೇಡವೆಂದರೆ ಸಹಿ ತಡವಾದೀತೆ ಎಂಬ ಶಂಕೆ ಬಾರದೆ ಹೋಗುವುದಿಲ್ಲ. ಅಷ್ಟೇ ಅಲ್ಲ, ಖಜಾಂಚಿಯ ಹುದ್ದೆಯನ್ನೇ ಬಿಡಬೇಕೆಂದು ನನಗೆ ತೋರುತ್ತದೆ. ಮಹಾರಾಷ್ಟ್ರದಲ್ಲಿ ಸೊಸೈಟಿಯ ಕಮಿಟಿಯ ಅವಧಿ 5 ವರುಷ. ನಿಮ್ಮದು ಮುಗಿಯಲು ಎಷ್ಟು ಉಳಿದಿದೆಯೋ ಕಾಣೆ. ಬೇಗನೆ ಮುಗಿಯುವಂತಿದ್ದರೆ ಕಾದುಕೋ. ಇಲ್ಲವಾದರೆ ಬೇರೊಬ್ಬರಿಗೆ ಲೆಕ್ಕ ಒಪ್ಪಿಸಿ ಸಾಮಾನ್ಯ ಸದಸ್ಯನಾಗು. ಬಾಕಿಯಿಲ್ಲವೆಂಬ ಪತ್ರ, ನಿರಾಕ್ಷೇಪಣೆಯ ಪತ್ರ, ನಾಮನಿರ್ದೇಶನದ ದಾಖಲೆ, ಇವುಗಳಿಗಾಗಿ ಆಕೆ ನಿನ್ನ ಬಾಗಿಲನ್ನು ತಟ್ಟಬೇಕಾಗಿರುವವರೆಗೆ ನಿನ್ನ ವಿನಯಕ್ಕೆ ಬೆಲೆಯಿಲ್ಲ.

ತಮ್ಮ: ಇದು ಕಠಿಣವಾದರೂ ನ್ಯಾಯವಾಗಿದೆ. ಮುಂದಿನ ಸಭೆಯಲ್ಲಿಯೇ ಬಿಡುತ್ತೇನೆ. ಕಾಗದದಲ್ಲಿ ಕೇಳಬೇಕಾದುದೇನೆಂಬ ಬಗ್ಗೆ ನಿಮ್ಮ ಮಾತು ಇನ್ನೂ ಬರಲಿಲ್ಲ. ನಾನು ನೇರವಾಗಿ ಮದುವೆಯ ವಿಷಯ ಬರೆದಿದ್ದೇನೆ.

ಅಕ್ಕ: ಅಲ್ಲಿ ಎರಡು ಕಡೆಯಿಂದಲೂ ಅಪಾಯವಿದೆ. ಮೆಟ್ಟಿಲ ಮೇಲೆ ನಮಸ್ಕಾರಕ್ಕಿಂತ ಹೆಚ್ಚು ಮಾತಾಡದವಳಿಗೆ ಏಕಾಏಕಿ ಮದುವೆಯೆಂದರೆ, ಹೌದೆನ್ನಲೂ ಆಗದು, ಇಲ್ಲವೆನ್ನಲೂ ಭಾರ. ಬರೀ ಸ್ನೇಹ ಬೆಳೆಸಬೇಕೆಂದು ಬರೆದರೆ, ನಮ್ಮ ಜನರಲ್ಲಿ ಈ ವಯಸ್ಸಿನ ಹೆಂಗಸಿಗೆ ಅದು ಅಗೌರವವಾಗಿಯೂ ಕಾಣಬಹುದು. ಈತನ ಮನಸ್ಸಿನಲ್ಲಿ ಏನಿದೆಯೋ ಎಂದು ಆಕೆ ಊಹಿಸುತ್ತ ಕೂರಬೇಕು. ಆದುದರಿಂದ ಮನಸ್ಸಿನ ದಿಕ್ಕನ್ನು ಒಂದು ವಾಕ್ಯದಲ್ಲಿ ಮುಚ್ಚುಮರೆಯಿಲ್ಲದೆ ಹೇಳು. ಕೇಳುವುದನ್ನು ಮಾತ್ರ ಚಿಕ್ಕದಾಗಿ ಕೇಳು. ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳಿಗೆ ಆಕೆ ಹೋಗುವುದುಂಟಲ್ಲ?

ತಮ್ಮ: ಸಂಗೀತವಿದ್ದಾಗ ಹೋಗುತ್ತಾರೆ, ನಾನೂ ಹೋಗುತ್ತೇನೆ. ಬೇರೆ ಬೇರೆ ಸಾಲುಗಳಲ್ಲಿ ಕೂರುತ್ತೇವೆ.

ಅಕ್ಕ: ಅಂಥ ಒಂದು ಸಂಜೆ, ಸಭೆ ಮುಗಿದ ಮೇಲೆ, ಜನರ ನಡುವೆಯೇ ಒಂದು ಲೋಟ ಕಾಫಿ ಕುಡಿಯುತ್ತ ಮಾತಾಡುವುದು. ಇದಕ್ಕೆ ಬೇಡವೆನ್ನುವುದು ಯಾರಿಗೂ ಕಷ್ಟವಲ್ಲ. ದಿನವನ್ನು ಗೊತ್ತುಮಾಡಬೇಡ, ದಿನ ಗೊತ್ತುಮಾಡಿದರೆ ಆ ದಿನ ಬಾರದಿರುವುದೇ ಒಂದು ಘಟನೆಯಾಗುತ್ತದೆ, ಆಕೆ ತನಗೆ ಪ್ರಿಯವಾದ ಸಂಗೀತವನ್ನೂ ಬಿಡಬೇಕಾಗುತ್ತದೆ.

ತಮ್ಮ: ಕಾಗದ ಬೇರೆಯವರ ಕೈಗೆ ಸಿಕ್ಕಿದರೆ? ಅವರ ಮನೆಗೆ ಬಂದ ಲಕೋಟೆಗಳನ್ನೆಲ್ಲ ಒಡೆಯುವವರು ತಂದೆ. ಪೆನ್ಷನ್ನಿನ ಕಾಗದವೋ ಬ್ಯಾಂಕಿನದೋ ಎಂದು ಹೆಸರನ್ನೂ ನೋಡದೆ ಒಡೆಯುತ್ತಾರೆಂದು ಆಕೆಯೇ ಒಮ್ಮೆ ನಗುತ್ತ ಹೇಳಿದ್ದರು.

ಅಕ್ಕ: ಒಳ್ಳೆಯ ಪ್ರಶ್ನೆ. ಸಿಕ್ಕಬಾರದವರಿಗೆ ಸಿಕ್ಕಿದರೂ ಆಕೆಯ ಮೇಲೆ ಒಂದು ಚುಕ್ಕೆ ಬೀಳದಂತೆ ಬರೆಯಬೇಕು. ನಿನ್ನ ಕರಡಿನಲ್ಲಿ, ನಿಮ್ಮ ಕಣ್ಣಿನಲ್ಲಿಯೂ ಆತ್ಮೀಯತೆಯನ್ನು ಕಂಡಿದ್ದೇನೆ ಎಂದು ಒಂದು ಕಡೆ ಇದೆ. ಅದನ್ನು ಓದಿದ ಮೂರನೆಯವರು ಇವರಿಬ್ಬರ ನಡುವೆ ಮೊದಲೇ ಏನೋ ಇತ್ತೆಂದು ತಿಳಿಯುತ್ತಾರೆ. ಅದನ್ನು ಹೊಡೆದುಹಾಕಿ, ಆಕೆಯ ಕಡೆಯಿಂದ ನನಗೆ ಯಾವ ಸೂಚನೆಯೂ ದೊರೆತಿಲ್ಲವೆಂದು ಸ್ಪಷ್ಟವಾಗಿ ಬರೆ. ಆಕೆಯ ಕೈಯಲ್ಲಿ ಅದು ರಕ್ಷಾಪತ್ರವಾಗುತ್ತದೆ. ಈಗ ಬರೆಯೋಣ, ಒಂದೇ ಹಾಳೆ, ಒಂದೇ ಮಗ್ಗುಲು. ಸಂಬೋಧನೆಗೆ, ಮೆಟ್ಟಿಲ ಮೇಲೆ ಹೇಗೆ ಕರೆಯುತ್ತೀಯೋ ಹಾಗೆಯೇ, ಹೆಸರಿನ ಮುಂದೆ 'ಅವರಿಗೆ' ಸೇರಿಸು.

ಇಬ್ಬರೂ ಸೇರಿ, ಹೊಡೆದು ತಿದ್ದಿ, ಕೊನೆಗೆ ಉಳಿಸಿಕೊಂಡ ಪಾಠ ಇದು:

"ಅವರಿಗೆ ನಮಸ್ಕಾರ.

ಇದು ಸೊಸೈಟಿಯ ವಿಷಯವಲ್ಲ, ನನ್ನ ಸ್ವಂತ ವಿಷಯ. 2005ರ ಮಳೆಯ ರಾತ್ರಿ ಮೆಟ್ಟಿಲ ಮೇಲೆ ನಿಂತವರಿಗೆಲ್ಲ ತಾವು ಬಾಗಿಲು ತೆರೆದದ್ದನ್ನು ನಾನು ಮರೆತಿಲ್ಲ. ಬಹುಕಾಲದಿಂದ ತಮ್ಮ ವಿಷಯದಲ್ಲಿ ನನಗೆ ಗೌರವವೂ, ಅದಕ್ಕಿಂತ ಹತ್ತಿರದ ಒಂದು ಭಾವವೂ ಇದೆ. ತಮ್ಮ ಕಡೆಯಿಂದ ಅಂಥ ಸೂಚನೆ ಎಂದೂ ದೊರೆತದ್ದಿಲ್ಲ. ಇದು ನನ್ನೊಬ್ಬನ ಮನಸ್ಸಿನ ಮಾತು.

ತಮಗೆ ಇಷ್ಟವಿದ್ದಲ್ಲಿ ಮಾತ್ರ, ಎಂದಾದರೂ ಅಸೋಸಿಯೇಷನ್ನಿನ ಕಾರ್ಯಕ್ರಮದ ಬಳಿಕ ಒಂದು ಲೋಟ ಕಾಫಿಗೆ ಕುಳಿತು ಮಾತಾಡುವ ಆಸೆ ನನಗಿದೆ. ಪರಿಚಯ ಬೆಳೆದು ಇಬ್ಬರಿಗೂ ಒಪ್ಪಿಗೆಯಾದರೆ ಮುಂದಿನ ಬಾಳನ್ನು ಜೊತೆಯಾಗಿ ಯೋಚಿಸುವ ಮನಸ್ಸು ನನ್ನದು. ಇಂದು ಅಷ್ಟನ್ನು ಕೇಳುತ್ತಿಲ್ಲ.

ಈ ಕಾಗದಕ್ಕೆ ಉತ್ತರ ಬರೆಯಬೇಕಾಗಿಲ್ಲ, ಕಾರಣ ಹೇಳಬೇಕಾಗಿಲ್ಲ. ತಾವು ಏನೂ ಹೇಳದಿದ್ದರೆ ತಮಗೆ ಇಷ್ಟವಿಲ್ಲವೆಂದು ತಿಳಿಯುತ್ತೇನೆ, ಮತ್ತೆ ಈ ಮಾತೆತ್ತುವುದಿಲ್ಲ. ನೆರೆಹೊರೆಯ ನಡೆನುಡಿಯಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಇತಿ, ತಮ್ಮ ನೆರೆಯವ"

ತಮ್ಮ: ಕೆಳಗೆ ಹೆಸರು ಬರೆಯುತ್ತೇನೆ. ಮೌನವನ್ನೇ ಬೇಡವೆಂದು ತಿಳಿಯುತ್ತೇನೆಂಬ ವಾಕ್ಯ ಬರೆಯುವಾಗ ಕೈ ತಡೆಯಿತು ಅಕ್ಕ. ನಾಚಿಕೆಯಿಂದ ಸುಮ್ಮನಿದ್ದವರನ್ನೂ ಇದರಿಂದ ಕಳೆದುಕೊಳ್ಳುವುದಿಲ್ಲವೆ?

ಅಕ್ಕ: ಕಳೆದುಕೊಂಡರೂ ಕಳೆದುಕೊಳ್ಳಬೇಕು. ಈ ವಾಕ್ಯವಿಲ್ಲದೆ ಹೋದರೆ ಬೇಡವೆಂದು ತನ್ನ ಬಾಯಿಂದಲೇ, ನಿನ್ನ ಮುಖ ನೋಡಿ ಹೇಳುವ ಕಷ್ಟ ಆಕೆಯ ಪಾಲಿಗೆ ಬರುತ್ತದೆ. ಅಲ್ಲದೆ, ನಲವತ್ತು ದಾಟಿದ, ಸ್ವಂತ ಸಂಪಾದನೆಯಿಂದ ಮನೆ ನಡೆಸುವ ಹೆಂಗಸು ಬೇಕಾದುದನ್ನು ಹೇಳಲಾರದಷ್ಟು ಮುಗ್ಧಳೆಂದು ಭಾವಿಸುವುದೂ ಗೌರವವಲ್ಲ. ಇನ್ನು ತಲುಪಿಸುವ ಬಗೆ. ಏನು ಯೋಚಿಸಿದ್ದೆ?

ತಮ್ಮ: ಕೆಳಗಿನ ಟಪಾಲು ಪೆಟ್ಟಿಗೆಯಲ್ಲಿ ಹಾಕಬೇಕೆಂದಿದ್ದೆ. ತಂದೆಯವರ ನೆನಪಾಗಿ ಬಿಟ್ಟೆ. ಸ್ಪೀಡ್ ಪೋಸ್ಟ್ ಮಾಡಿದರೆ ಆಕೆಗೇ ಸೇರಿತೆಂಬ ಖಾತರಿ ಸಿಗಬಹುದೆ?

ಅಕ್ಕ: ಸ್ಪೀಡ್ ಪೋಸ್ಟಿಗೆ ಬಾಗಿಲಲ್ಲಿ ಸಹಿ ಹಾಕಬೇಕು, ಹಗಲಿನಲ್ಲಿ ಮನೆಯಲ್ಲಿರುವವರು ತಂದೆ. ತಲುಪಿತೆಂಬ ಸುದ್ದಿ ನಿನಗೆ ಬರುವುದರಿಂದ ನೀಲಿ ಗೆರೆಯ ತೊಂದರೆಯೇ ಮತ್ತೆ ಬಂದಂತಾಯಿತು. ಸಾದಾ ಅಂಚೆಯದು ಆ ಪೆಟ್ಟಿಗೆಗೇ ಬೀಳುತ್ತದೆ, ಇಲ್ಲವೆ ವಾಚ್‌ಮನ್ನನ ಮೇಜಿನ ಮೇಲೆ. ಬಾಗಿಲ ಸಂದಿಯಲ್ಲಿ ತೂರಿಸುವುದು ಬೇಡವೇ ಬೇಡ. ಹೊಸ್ತಿಲೊಳಗೆ ಬಂದು ಬಿದ್ದ ಕಾಗದ ಹೆದರಿಸುತ್ತದೆ. ಮಕ್ಕಳ ಕೈಯಲ್ಲಿ ಕಳುಹಿಸಿದರೆ ಸಂಜೆಯೊಳಗೆ ನಾಲ್ಕೂ ಮಾಳಿಗೆಗೆ ಗೊತ್ತಾಗುತ್ತದೆ. ನಿನ್ನ ಕೈಯಿಂದಲೇ ಕೊಡಬೇಕು.

ತಮ್ಮ: ಎದುರಿಗೆ ನಿಂತು ಕೊಟ್ಟರೆ, ತಕ್ಷಣ ಏನಾದರೂ ಹೇಳಬೇಕಾದ ಮುಜುಗರ ಆಕೆಗೆ ಉಂಟಾಗುವುದಿಲ್ಲವೆ?

ಅಕ್ಕ: ನಿಂತರೆ ಉಂಟಾಗುತ್ತದೆ, ನಿಲ್ಲಬಾರದು. ಮತ್ತೆ ಊರಿಗೆ ಹೋಗುವುದು ಯಾವಾಗ?

ತಮ್ಮ: ನವರಾತ್ರಿ ಕಳೆದ ಮೇಲೆ, ಮತ್ಸ್ಯಗಂಧ ಗಾಡಿಯಲ್ಲಿ. ಕುರ್ಲಾದಿಂದ ಮಧ್ಯಾಹ್ನ ಹೊರಡುತ್ತದೆ. ಉಡುಪಿಯಲ್ಲಿ ಹತ್ತು ದಿನ ಇರುವುದುಂಟು.

ಅಕ್ಕ: ಹೊರಡುವ ದಿನ ಬೆಳಗ್ಗೆ ಕೊಡು. ಬೆಳಕಿರುವಾಗ, ಕೆಳಗಿನ ಪ್ರವೇಶದ ಬಳಿ, ಆಕೆ ಕೆಲಸಕ್ಕೆ ಹೊರಟಿರುವಾಗಲ್ಲ, ಹಾಲು ತೆಗೆದುಕೊಂಡು ಮೇಲೆ ಬರುವಾಗ ಎದುರಾದರೆ. ಎದುರಾಗದಿದ್ದರೆ ಕಾದು ನಿಲ್ಲಬೇಡ, ಊರಿನಿಂದ ಬಂದು ಇನ್ನೊಮ್ಮೆ ಹೊರಡುವಾಗ ಆಯಿತು. ಮಾತು ಒಂದೇ: 'ಇದರಲ್ಲಿ ನನ್ನ ಸ್ವಂತ ವಿಷಯವೊಂದಿದೆ, ಬಿಡುವಾದಾಗ ನೀವೊಬ್ಬರೇ ಓದಿ, ಉತ್ತರ ಬೇಕೆಂದಿಲ್ಲ, ನಾನು ಇವತ್ತು ಊರಿಗೆ ಹೊರಟೆ.' ಅಷ್ಟು ಹೇಳಿ ನಡೆ. ಹತ್ತು ದಿನ ಮೆಟ್ಟಿಲ ಮೇಲೆ ನೀನು ಎದುರಾಗುವುದಿಲ್ಲವೆಂಬುದು ಗೊತ್ತಿರುವುದರಿಂದ ಆಕೆ ನೆಮ್ಮದಿಯಾಗಿ ಓದಬಹುದು, ಕೋಪ ಬಂದರೆ ಕೋಪಿಸಿಕೊಂಡು ಸಮಾಧಾನವಾಗಬಹುದು. ಅಷ್ಟು ಹೊತ್ತಿಗೆ ಮಳೆಗಾಲವೂ ಕಳೆದಿರುತ್ತದೆ. ಶ್ರಾವಣದ ಹವೆಯಲ್ಲಿ ಶಾಯಿಯ ಪೆನ್ನಿನಿಂದ ಬರೆದರೆ ಹಾಳೆ ತೇವ ಹೀರಿ ಅಕ್ಷರಗಳೆಲ್ಲ ಹರಡುತ್ತವೆ.

ತಮ್ಮ: ಹಿಂದಿರುಗಿ ಬಂದ ಮೇಲೆ ನನ್ನ ನಡತೆ ಹೇಗಿರಬೇಕು? ನನಗೆ ಹೆಚ್ಚು ಭಯವಿರುವುದು ಅಲ್ಲಿಯೇ.

ಅಕ್ಕ: ಮೊದಲು ಹೇಗಿತ್ತೋ ಹಾಗೆಯೇ. ಎದುರಾದರೆ ನಮಸ್ಕಾರ, ಅದಕ್ಕಿಂತ ಹೆಚ್ಚಿಲ್ಲ, ಕಡಮೆಯೂ ಇಲ್ಲ. ಗಂಡಸರು ಇಲ್ಲಿ ಎರಡು ಬಗೆಯಲ್ಲಿ ಕೆಡುತ್ತಾರೆ. ಕೆಲವರು ಮುಖ ತಿರುಗಿಸಿ ನಡೆದು, ಉತ್ತರ ಕೊಡದ ತಪ್ಪಿಗೆ ಆಕೆಯನ್ನು ದಂಡಿಸುತ್ತಾರೆ. ಕೆಲವರು ತರಕಾರಿಯ ಚೀಲ ಹೊರಲು, ತಂದೆಯ ಔಷಧ ತರಲು ಮುಂದಾಗಿ ಉಪಕಾರದಿಂದ ಕಟ್ಟಿಹಾಕುತ್ತಾರೆ. ಎರಡೂ ಒತ್ತಾಯವೇ. ಆಕೆ ಎದುರಾದಾಗ ನಕ್ಕರೆ ಅದು ನೆರೆಯವರ ನಗು. ಅದರಲ್ಲಿ ಒಪ್ಪಿಗೆಯನ್ನು ಹುಡುಕಬೇಡ. ಒಪ್ಪಿಗೆಯಿದ್ದರೆ ಬಾಯಿಂದಲೋ ಬರಹದಿಂದಲೋ ಬರುತ್ತದೆ. ಇನ್ನು, ಮೆಟ್ಟಿಲಲ್ಲಿ ನಿನ್ನ ಸದ್ದು ಕೇಳಿ ಬಾಗಿಲು ಮುಚ್ಚಿದರೆ, ಕಾಗದವನ್ನು ಹಿಂದಕ್ಕೆ ಕೊಟ್ಟರೆ, ಅದು ಸಂಪೂರ್ಣ ಉತ್ತರ. ಹಿಂದಕ್ಕೆ ಕೊಟ್ಟದ್ದನ್ನು 'ಆಗಲಿ' ಎಂದು ತೆಗೆದುಕೋ, ಏಕೆಂದು ಕೇಳಬೇಡ.

ತಮ್ಮ: ಎರಡನೆಯ ಕಾಗದವೊಂದನ್ನು, ಕ್ಷಮೆ ಕೇಳುವುದಕ್ಕಾದರೂ...

ಅಕ್ಕ: ಇಲ್ಲ. ಕ್ಷಮೆಯ ಕಾಗದವೂ ಎರಡನೆಯ ಕಾಗದವೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು ಏನು ಹೇಳುತ್ತದೆಂಬುದನ್ನು ನೀನು ತಿಳಿದಿರಬೇಕು: ಹೆಂಗಸು ತನಗೆ ಇಷ್ಟವಿಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೆಯೂ ಸಂಪರ್ಕ ಬೆಳೆಸಲು ಮತ್ತೆ ಮತ್ತೆ ಹಿಂದೆ ಬೀಳುವುದು ಅಪರಾಧ, ಮೊದಲ ಸಲಕ್ಕೇ ಮೂರು ವರುಷದವರೆಗೆ ಸೆರೆವಾಸವುಂಟು. ಒಂದು ವಿನಯದ ಕಾಗದ ಅಪರಾಧವಲ್ಲ. ಆದರೆ ಕಾನೂನು ತಡೆಯುವ ಗೆರೆಯವರೆಗೂ ಹೋಗಿ ನಿಲ್ಲುವವನು ಸಜ್ಜನನಲ್ಲ. ನೀನು ಅದಕ್ಕಿಂತ ಬಹಳ ಮೊದಲೇ ನಿಲ್ಲತಕ್ಕವನು. ಕಾಗದದಲ್ಲಿಯೇ ಮಾತು ಕೊಟ್ಟಿರುವೆ.

ತಮ್ಮ: ಉಳಿಸಿಕೊಳ್ಳುತ್ತೇನೆ. ಈ ಮೂರು ಹಾಳೆಗಳನ್ನು ಇಲ್ಲಿಯೇ ಹರಿದುಹಾಕುತ್ತೇನೆ; ಹೊಸದರ ಪ್ರತಿಯನ್ನೂ ಇಟ್ಟುಕೊಳ್ಳುವುದಿಲ್ಲ. ಇನ್ನೊಂದು ಸಂಗತಿ ಮನಸ್ಸನ್ನು ಕೊರೆಯುತ್ತಿದೆ ಅಕ್ಕ. ಇದು ನನ್ನೊಬ್ಬನ ಮನಸ್ಸಿನ ಮಾತೆಂದು ಬರೆದಿದ್ದೇನೆ. ಆದರೆ ಅದನ್ನು ನೀವೂ ಓದಿದ್ದೀರಿ, ತಿದ್ದಿದ್ದೀರಿ. ಅದನ್ನು ಕಾಗದದಲ್ಲಿ ತಿಳಿಸಬೇಕೆ?

ಅಕ್ಕ: ಬೇಡ. ಕಾಗದದಲ್ಲಿ ನನ್ನ ಹೆಸರು ಬಂದರೆ ನಾನು ಮಾತಾಡಲು ಹೋದಷ್ಟೇ ಆಯಿತು. ಮುಂದೆ ನಾನು ಎದುರಾದಾಗಲೂ ಆಕೆ ನಾಚಬೇಕು. ಮನಸ್ಸು ನಿನ್ನದು, ವಾಕ್ಯಗಳೂ ನಿನ್ನವೇ; ನಾನು ತೆಗೆದದ್ದು ಹೆಚ್ಚು, ಸೇರಿಸಿದ್ದು ಕಡಮೆ. ಆದರೆ ಎಂದಾದರೂ ಒಂದು ಲೋಟ ಕಾಫಿಯ ಎದುರು ಕುಳಿತು, ಇದನ್ನು ಬೇರೆ ಯಾರಾದರೂ ಓದಿದ್ದಾರೆಯೆ ಎಂದು ಆಕೆ ಕೇಳಿದರೆ ಸುಳ್ಳು ಹೇಳಬೇಡ. ನನ್ನ ಹೆಸರು ಹೇಳು. ಕೇಳಬೇಕಾದುದಿದ್ದರೆ ನನ್ನನ್ನೇ ಕೇಳಲಿ. ಅಲ್ಲಿಯವರೆಗೆ ನಾನು ಆ ಕಟ್ಟಡದ ಕಡೆಗೆ ಬರುವುದಿಲ್ಲ. ಊಟಕ್ಕೆ ಏಳು, ಮೂರು ಗಂಟೆಯ ಗಾಡಿಯಲ್ಲಿ ಜನ ಕಡಮೆ ಇರುತ್ತಾರೆ.